120, 8A: ಹಾಡಿನ ವೇಗವನ್ನೂ ಕೀಯನ್ನೂ ಪತ್ತೆ ಹಚ್ಚಿ ಡಿಜೆ ಸೆಟ್ ಕಟ್ಟುವುದು

(ಹಾಡು ಬೆರೆಸುವ ಆಸಕ್ತರ ಎದುರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಲ್ಲಿರುವ ಹೆಚ್ಚಿನವರು ಆರತಕ್ಷತೆಗಳಲ್ಲಿ, ಕಾಲೇಜು ಸಮಾರಂಭಗಳಲ್ಲಿ, ಗಣೇಶೋತ್ಸವಗಳಲ್ಲಿ ಹಾಡು ಹಾಕುವವರು ಎಂದು ಕೇಳಿದ್ದೇನೆ. ಹಾಗಾಗಿ ಡೆಕ್ ಎಂದರೇನು, ಕ್ರಾಸ್‌ಫೇಡರ್ ಎಲ್ಲಿದೆ ಎಂಬುದನ್ನು ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ಡಿಜೆ ತಂತ್ರಾಂಶಕ್ಕೆ ಒಂದು ಹಾಡನ್ನು ಸೇರಿಸಿದ ಕೂಡಲೇ ಅದು ಕೆಲವು ಕ್ಷಣ ಯೋಚಿಸಿ ಹಾಡಿನ ಹೆಸರಿನ ಪಕ್ಕದಲ್ಲಿ ಎರಡು ಗುರುತುಗಳನ್ನು ಬರೆಯುತ್ತದೆ. ಒಂದು 120.00 ಎನ್ನುವಂಥದ್ದು: ನಿಮಿಷಕ್ಕೆ ಎಷ್ಟು ಬೀಟ್ ಎಂಬ ಲೆಕ್ಕ, ಅಂದರೆ ಬಿಪಿಎಂ. ಇನ್ನೊಂದು 8A ಎನ್ನುವಂಥದ್ದು: ಹಾಡಿನ ಕೀ, ಅಂದರೆ ಹಾಡು ಯಾವ ಆಧಾರ ಸ್ವರದ ಮೇಲೆ, ಯಾವ ಸ್ವರಗಳ ಗುಂಪಿನಲ್ಲಿ ನಡೆಯುತ್ತದೆ ಎಂಬುದು. ಎರಡು ದಶಮಾಂಶ ಸ್ಥಾನಗಳವರೆಗೆ ಬರೆದಿರುವುದರಿಂದ ಇದನ್ನು ಯಾರೋ ಅಳೆದು ಬರೆದಿದ್ದಾರೆ ಎಂಬ ಭಾವನೆ ನಮಗೆ ಬರುತ್ತದೆ. ನಿಜಕ್ಕೂ ಇವೆರಡೂ ಅಂದಾಜುಗಳು. ಎರಡನ್ನೂ ಬೇರೆ ಬೇರೆ ವಿಧಾನದಲ್ಲಿ ಮಾಡಲಾಗಿರುತ್ತದೆ, ಎರಡೂ ಬೇರೆ ಬೇರೆ ರೀತಿಯಲ್ಲಿ ತಪ್ಪುತ್ತವೆ. ಹಾಡುಗಳನ್ನು ಪಟ್ಟಿ ಮಾಡಿಕೊಂಡು ಕುಳಿತಾಗ ನಾವು ಮರೆಯುವ ಇನ್ನೊಂದು ಸಂಗತಿಯಿದೆ: ಒಂದನ್ನು ಬದಲಿಸಿದರೆ ಇನ್ನೊಂದೂ ಬದಲಾಗಬಹುದು. ಇವತ್ತಿನ ಮಾತು ಇಷ್ಟರ ಬಗ್ಗೆಯೇ.

ಮೊದಲು ವೇಗ. ತಂತ್ರಾಂಶಕ್ಕೆ ತಾಳ ಗೊತ್ತಿಲ್ಲ. ಅದು ಧ್ವನಿಯನ್ನು ಸೆಕೆಂಡಿನ ನೂರನೇ ಒಂದೆರಡು ಭಾಗದಷ್ಟು ಸಣ್ಣ ತುಣುಕುಗಳಾಗಿ ಕತ್ತರಿಸಿ, ಹಿಂದಿನ ತುಣುಕಿಗಿಂತ ಈ ತುಣುಕಿನಲ್ಲಿ ಸದ್ದು ಎಲ್ಲೆಲ್ಲಿ ಥಟ್ಟನೆ ಏರಿತು ಎಂದು ಗುರುತು ಹಾಕಿಕೊಳ್ಳುತ್ತದೆ. ಡ್ರಮ್ಮಿನ ಪೆಟ್ಟು, ತಬಲಾದ ಪೆಟ್ಟು, ಗಿಟಾರಿನ ಮೀಟು ಎಲ್ಲವೂ ಹೀಗೆ ಏರುಗಳಾಗಿ ಕಾಣುತ್ತವೆ. ಆಮೇಲೆ ಆ ಏರುಗಳ ಸಾಲನ್ನು ಅದರದೇ ಪ್ರತಿಯ ಮೇಲೆ ಇಟ್ಟು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಹೋಗುತ್ತದೆ. ಅರ್ಧ ಸೆಕೆಂಡ್ ಸರಿಸಿದಾಗ ಏರುಗಳು ಏರುಗಳ ಮೇಲೆಯೇ ಕೂತರೆ, ಬೀಟುಗಳ ನಡುವೆ ಅರ್ಧ ಸೆಕೆಂಡ್ ಇದೆ ಎಂದಾಯಿತು. ಅರವತ್ತನ್ನು ಅರ್ಧದಿಂದ ಭಾಗಿಸಿದರೆ 120.

ತೊಡಕು ಇಲ್ಲಿಯೇ ಇದೆ. ಅರ್ಧ ಸೆಕೆಂಡ್ ಸರಿಸಿದಾಗ ಕೂತದ್ದು ಒಂದು ಸೆಕೆಂಡ್ ಸರಿಸಿದಾಗಲೂ ಕೂರುತ್ತದೆ. ಹೈಹ್ಯಾಟ್ ಚುರುಕಾಗಿದ್ದರೆ ಕಾಲು ಸೆಕೆಂಡಿಗೂ ಕೂರುತ್ತದೆ. ಹಾಗಾಗಿ 60, 120, 240 ಮೂರೂ ಗಣಿತದ ಕಣ್ಣಿಗೆ ಸರಿಯಾದ ಉತ್ತರಗಳೇ. ಇವುಗಳಲ್ಲಿ ಒಂದನ್ನು ಆರಿಸಲು ತಂತ್ರಾಂಶ ತನ್ನದೊಂದು ಒಲವನ್ನು ಇಟ್ಟುಕೊಂಡಿರುತ್ತದೆ. ಸಾಮಾನ್ಯವಾಗಿ ಅದು 120ರ ಆಸುಪಾಸಿನ ಸಂಖ್ಯೆಗಳತ್ತ ವಾಲುತ್ತದೆ. ಆದ್ದರಿಂದ 174ರ ಡ್ರಮ್ ಆ್ಯಂಡ್ ಬೇಸ್ ಹಾಡು ಪಟ್ಟಿಯಲ್ಲಿ 87 ಎಂದು ಕಾಣಿಸಿಕೊಳ್ಳುವುದು ಹೊಸದೇನಲ್ಲ. ಇದು ದೊಡ್ಡ ತೊಂದರೆಯಲ್ಲ. ಎರಡರಿಂದ ಗುಣಿಸಿದರೆ ಮುಗಿಯಿತು. ಹೆಚ್ಚಿನ ತಂತ್ರಾಂಶಗಳಲ್ಲಿ ಅದಕ್ಕೊಂದು ಗುಂಡಿ ಇದೆ.

ನಮ್ಮ ಹಾಡುಗಳಲ್ಲಿ ಇದಕ್ಕಿಂತ ಕೆಟ್ಟ ತಪ್ಪೊಂದು ಆಗುತ್ತದೆ. ತಮಟೆ, ಡೊಳ್ಳಿನ ಜಾಡಿನಲ್ಲಿ ಕಟ್ಟಿದ ಕುಣಿತದ ಹಾಡುಗಳಲ್ಲಿ ಅನೇಕವು ತಿಶ್ರದ ನಡೆಯಲ್ಲಿವೆ, ಅಂದರೆ ಒಂದು ಬೀಟಿನೊಳಗೆ ಮೂರು ಸಣ್ಣ ಪೆಟ್ಟುಗಳು. ಕುಣಿಯುವವರ ಹೆಜ್ಜೆ ನಿಮಿಷಕ್ಕೆ 96 ಬಾರಿ ನೆಲಕ್ಕೆ ಬೀಳುತ್ತಿದೆ ಎಂದುಕೊಳ್ಳಿ. ಆಗ ಸಣ್ಣ ಪೆಟ್ಟುಗಳು ನಿಮಿಷಕ್ಕೆ 288. ಎಲ್ಲ ಹಾಡುಗಳೂ ನಾಲ್ಕರ ಎಣಿಕೆಯವು ಎಂದು ನಂಬಿದ ತಂತ್ರಾಂಶ ಈ 288ನ್ನು ಮೂರರ ಬದಲು ಎರಡೆರಡಾಗಿ ಜೋಡಿಸಿ 144 ಎಂದು ಬರೆದುಬಿಡುತ್ತದೆ. ಇದು 96ರ ದುಪ್ಪಟ್ಟೂ ಅಲ್ಲ, ಅರ್ಧವೂ ಅಲ್ಲ, ಒಂದೂವರೆ ಪಟ್ಟು. ದುಪ್ಪಟ್ಟು ಮಾಡುವ ಗುಂಡಿಯಿಂದ ಇದು ಸರಿಹೋಗುವುದಿಲ್ಲ. ಈ ಹಾಡನ್ನು 144ರ ಇನ್ನೊಂದು ಹಾಡಿನ ಜೊತೆ ಸಿಂಕ್ ಗುಂಡಿ ಒತ್ತಿ ಕೂಡಿಸಿದರೆ ತೆರೆಯ ಮೇಲೆ ಗೆರೆಗಳು ಒಂದರ ಮೇಲೊಂದು ಅಚ್ಚುಕಟ್ಟಾಗಿ ಕೂತಿರುತ್ತವೆ, ಮಂಟಪದಲ್ಲಿ ಕುಣಿಯುತ್ತಿರುವವರ ಕಾಲು ಮಾತ್ರ ತಡವರಿಸುತ್ತದೆ.

ಇದನ್ನು ಕಂಡುಹಿಡಿಯುವುದು ಸುಲಭ. ಅಲೆಯ ಚಿತ್ರವನ್ನು ಹಿಗ್ಗಿಸಿ, ಬೀಟ್ ಗ್ರಿಡ್ಡಿನ ಗೆರೆಗಳನ್ನು ನೋಡಿ. ಗ್ರಿಡ್ 144ರಲ್ಲಿದ್ದು ಹಾಡು 96ರಲ್ಲಿದ್ದರೆ ಪ್ರತಿ ಮೂರನೇ ಗೆರೆ ಮಾತ್ರ ದೊಡ್ಡ ಪೆಟ್ಟಿನ ಮೇಲೆ ಬೀಳುತ್ತದೆ, ನಡುವಿನ ಎರಡು ಗೆರೆಗಳು ಸಣ್ಣ ಪೆಟ್ಟುಗಳ ಮೇಲೆ. ಇದು ಕಂಡ ಕೂಡಲೇ ಸಂಖ್ಯೆಯನ್ನು ಮೂರನೇ ಎರಡು ಭಾಗಕ್ಕೆ ಇಳಿಸಬೇಕು. Mixxx ಎಂಬ ಉಚಿತ ಮುಕ್ತ ತಂತ್ರಾಂಶದಲ್ಲಿ ಬಿಪಿಎಂ ಅನ್ನು ಅರ್ಧ ಮತ್ತು ದುಪ್ಪಟ್ಟು ಮಾಡುವ ಜೊತೆಗೆ 2/3 ಮಾಡುವ ಆಯ್ಕೆಯೂ ಇದೆ. ಬೇರೆ ತಂತ್ರಾಂಶದಲ್ಲಿ ಅದಿಲ್ಲದಿದ್ದರೆ ಕೈಯಲ್ಲಿ ತಟ್ಟಿ ಸರಿಪಡಿಸಿ.

ಇನ್ನು ದಶಮಾಂಶದ ಮಾತು. 120.0ರ ಹಾಡನ್ನು ತಂತ್ರಾಂಶ 120.1 ಎಂದು ತಿಳಿದುಕೊಂಡರೆ ಏನು ಮಹಾ ಎನ್ನಿಸಬಹುದು. 32 ಬಾರ್‌ಗಳ ಬೆರಕೆ ಎಂದರೆ 128 ಬೀಟ್, ಸುಮಾರು 64 ಸೆಕೆಂಡ್. ಅಷ್ಟರಲ್ಲಿ ಎರಡು ಹಾಡುಗಳ ಕಿಕ್ ಡ್ರಮ್‌ಗಳ ನಡುವೆ 53 ಮಿಲಿಸೆಕೆಂಡ್ ಅಂತರ ಬೆಳೆದಿರುತ್ತದೆ. ಒಂದೇ ಪೆಟ್ಟಾಗಿ ಕೇಳಬೇಕಾದದ್ದು ಎರಡಾಗಿ ಕೇಳುವುದಕ್ಕೆ ಅಷ್ಟು ಧಾರಾಳ ಸಾಕು. ಕಂಪ್ಯೂಟರಿನಲ್ಲಿ ಕಟ್ಟಿದ ಇತ್ತೀಚಿನ ಹಾಡುಗಳಲ್ಲಿ ವೇಗ ಬಹುಮಟ್ಟಿಗೆ ಸ್ಥಿರ, ಹಾಗಾಗಿ ದಶಮಾಂಶವನ್ನು ಒಮ್ಮೆ ಸರಿಪಡಿಸಿದರೆ ಕೊನೆಯವರೆಗೂ ನಿಲ್ಲುತ್ತದೆ. ಇಡೀ ವಾದ್ಯವೃಂದ ಒಟ್ಟಿಗೆ ಕೂತು ನುಡಿಸಿದ ಹಳೆಯ ಹಾಡುಗಳಲ್ಲಿ ಪಲ್ಲವಿಗೊಂದು ವೇಗ, ಚರಣಕ್ಕೆ ಬಂದಾಗ ಕೊಂಚ ಏರಿದ ವೇಗ. ಅಂಥ ಹಾಡಿಗೆ ತೆರೆಯ ಮೇಲೆ ಕಾಣುವ ಒಂದು ಸರಾಸರಿ ಸಂಖ್ಯೆ ಎಲ್ಲಿಯೂ ನಿಜವಲ್ಲ. ತಂತ್ರಾಂಶದ ಸೆಟ್ಟಿಂಗ್‌ನಲ್ಲಿ ‘ವೇಗ ಸ್ಥಿರ’ ಎಂಬ ಊಹೆಯನ್ನು ತೆಗೆದುಹಾಕಿ ಮತ್ತೆ ವಿಶ್ಲೇಷಿಸಬೇಕು. ನಾನಾದರೆ ಅಂಥ ಹಾಡಿನಲ್ಲಿ ಉದ್ದನೆಯ ಬೆರಕೆಗೇ ಹೋಗುವುದಿಲ್ಲ. ನಾಲ್ಕು ಬಾರ್‌ಗಳಲ್ಲಿ ದಾಟಿಬಿಡುತ್ತೇನೆ.

ಸ್ವತಃ ಲೆಕ್ಕ ಹಾಕಿ ನೋಡುವ ಕುತೂಹಲವಿರುವವರಿಗೆ ಪೈಥಾನಿನ `librosa` ಸಾಕು:

```python
import librosa
y, sr = librosa.load("haadu.mp3", offset=60, duration=60)
tempo, beats = librosa.beat.beat_track(y=y, sr=sr)
t = librosa.frames_to_time(beats, sr=sr)
print(tempo, 60 * (len(t) - 1) / (t[-1] - t[0]))
h = librosa.effects.harmonic(y)
print(librosa.feature.chroma_cqt(y=h, sr=sr).mean(axis=1).round(2))
```

ಇದನ್ನು ಸರಿಯಾಗಿ 120ರ ಹಾಡಿನ ಮೇಲೆ ಓಡಿಸಿದರೂ ಮೊದಲ ಸಂಖ್ಯೆ 117.45 ಅಥವಾ 123.05 ಎಂದು ಬರುವುದುಂಟು. ಹಾಡಿನ ತಪ್ಪಲ್ಲ. ಈ ಸಲಕರಣೆ ತಾನಾಗಿ ಆರಿಸಿಕೊಳ್ಳುವ ತುಣುಕಿನ ಉದ್ದ ಸುಮಾರು 23 ಮಿಲಿಸೆಕೆಂಡ್. ಬೀಟುಗಳ ಅಂತರವನ್ನು ಅದು ಇಡೀ ತುಣುಕುಗಳಲ್ಲೇ ಎಣಿಸುವುದರಿಂದ 21 ತುಣುಕಿಗೆ 123.05, 22 ತುಣುಕಿಗೆ 117.45, ನಡುವೆ ಮೆಟ್ಟಿಲೇ ಇಲ್ಲ. ಅದಕ್ಕಾಗಿಯೇ ಎರಡನೆಯ ಸಂಖ್ಯೆಯನ್ನು ಬೇರೆಯಾಗಿ ಲೆಕ್ಕ ಹಾಕಿದ್ದೇನೆ: ಮೊದಲ ಬೀಟಿನಿಂದ ಕೊನೆಯ ಬೀಟಿನವರೆಗಿನ ಕಾಲವನ್ನು ನಡುವಿನ ಅಂತರಗಳ ಎಣಿಕೆಯಿಂದ ಭಾಗಿಸಿ, ಬಂದದ್ದರಿಂದ ಅರವತ್ತನ್ನು ಭಾಗಿಸಿದರೆ ಆ ಒರಟುತನ ಬಹುಪಾಲು ಸವೆದುಹೋಗುತ್ತದೆ.

ಕೊನೆಯ ಸಾಲು ಹನ್ನೆರಡು ಸಂಖ್ಯೆಗಳನ್ನು ಕೊಡುತ್ತದೆ, ಕೀಯ ಕಥೆ ಶುರುವಾಗುವುದು ಅಲ್ಲಿಂದ. ಹಾರ್ಮೋನಿಯಂನ ಒಂದು ಸಪ್ತಕದಲ್ಲಿರುವ ಹನ್ನೆರಡು ಮನೆಗಳನ್ನು ನೆನಪಿಸಿಕೊಳ್ಳಿ. ಯಾವ ಸ್ಥಾಯಿಯಲ್ಲಿ ನುಡಿಸಿದರೂ ಸಿ ಎಂದರೆ ಸಿ ಎಂದು ಒಂದೇ ಡಬ್ಬಿಗೆ ಹಾಕಿ, ಹಾಡಿನಲ್ಲಿ ಒಂದೊಂದು ಸ್ವರಕ್ಕೆ ಎಷ್ಟು ಶಕ್ತಿ ಹೋಗಿದೆ ಎಂದು ತೆಗೆದ ಸರಾಸರಿ ಇದು. ಪೆಟ್ಟಿನ ಸದ್ದು ಲೆಕ್ಕ ಕೆಡಿಸದಿರಲಿ ಎಂದು ಮೊದಲೇ ಅದನ್ನು ಬೇರ್ಪಡಿಸಿದ್ದೇನೆ. ಆದರೂ ದೀರ್ಘವಾಗಿ ಗುಂಯ್ ಎನ್ನುವ ಬೇಸ್ ಡ್ರಮ್ ಇದ್ದರೆ ಅದರ ಸ್ವರವೂ ಒಳಗೆ ನುಸುಳುತ್ತದೆ.

ಈ ಹನ್ನೆರಡು ಸಂಖ್ಯೆಗಳನ್ನು ಯಾವುದಕ್ಕೆ ಹೋಲಿಸುವುದು? ಕ್ಯಾರಲ್ ಕ್ರುಮ್‌ಹಾನ್ಸ್ಲ್ ಮತ್ತು ಎಡ್ವರ್ಡ್ ಕೆಸ್ಲರ್ 1982ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕೇಳುಗರಿಗೆ ಮೊದಲು ಒಂದು ಕೀಯನ್ನು ಮನವರಿಕೆ ಮಾಡಿಕೊಟ್ಟು, ಆಮೇಲೆ ಒಂದೊಂದೇ ಸ್ವರ ಕೇಳಿಸಿ ಅದು ಎಷ್ಟು ಹೊಂದುತ್ತದೆ ಎಂದು ಅಂಕ ಹಾಕಿಸಿದರು. ಮೇಜರ್ ಕೀಯಲ್ಲಿ ಆಧಾರ ಸ್ವರಕ್ಕೆ 6.35, ಪಂಚಮಕ್ಕೆ 5.19, ಗಾಂಧಾರಕ್ಕೆ 4.38, ಹೀಗೆ ಇಳಿಯುತ್ತಾ ಹೋಗುತ್ತದೆ. ಮೈನರ್‌ಗೆ ಇನ್ನೊಂದು ಸಾಲು. ಈ ಎರಡು ಸಾಲುಗಳನ್ನು ಹನ್ನೆರಡು ಮನೆಗಳಿಗೂ ಸರಿಸಿದರೆ 24 ಅಚ್ಚುಗಳಾಗುತ್ತವೆ. ಹಾಡಿನ ಹನ್ನೆರಡು ಸಂಖ್ಯೆಗಳು ಯಾವ ಅಚ್ಚಿಗೆ ಹೆಚ್ಚು ಹೊಂದುತ್ತವೋ ಅದೇ ಕೀ. ಆಮೇಲೆ ಬಂದ ತಂತ್ರಾಂಶಗಳು ಅಚ್ಚಿನ ಅಂಕಿಗಳನ್ನು ತಿದ್ದಿಕೊಂಡಿವೆ, ಆದರೆ ಈ ಬಗೆಯ ಪತ್ತೆಯ ತಿರುಳು ಇದೇ.

8A ಎಂಬ ಬರಹ ಬಂದದ್ದು ಮಿಕ್ಸ್‌ಡ್ ಇನ್ ಕೀ ತಂತ್ರಾಂಶದ ಮೂಲಕ ಪ್ರಚಾರಕ್ಕೆ ಬಂದ ಕ್ಯಾಮೆಲಾಟ್ ಚಕ್ರದಿಂದ. ಗಡಿಯಾರದಂತೆ 1ರಿಂದ 12. A ಎಂದರೆ ಮೈನರ್, B ಎಂದರೆ ಮೇಜರ್. 8A ಎಂದರೆ ಎ ಮೈನರ್, 8B ಎಂದರೆ ಸಿ ಮೇಜರ್. ಒಂದು ಅಂಕಿ ಮುಂದೆ ಹೋದರೆ ಆಧಾರ ಸ್ವರ ಪಂಚಮಕ್ಕೆ ಏರುತ್ತದೆ: 9A ಎಂದರೆ ಇ ಮೈನರ್. ಪಕ್ಕದ ಅಂಕಿಗಳು ಬೆರೆಯುತ್ತವೆ ಎಂಬ ನಿಯಮಕ್ಕೆ ಕಾರಣ ಸರಳ. ಪಕ್ಕಪಕ್ಕದ ಕೀಗಳಲ್ಲಿ ಏಳರಲ್ಲಿ ಆರು ಸ್ವರಗಳು ಒಂದೇ. ಎರಡು ಹೆಜ್ಜೆ ದೂರ ಹೋದರೆ ಐದು. ಚಕ್ರದ ಎದುರುಬದಿಗೆ, ಅಂದರೆ ಆರು ಹೆಜ್ಜೆಗೆ, ಉಳಿಯುವುದು ಎರಡೇ.

ಈಗ ಕೀ ಪತ್ತೆಯ ತಪ್ಪುಗಳನ್ನು ಈ ಚಕ್ರದ ಮೇಲೆ ಇಟ್ಟು ನೋಡೋಣ. ಎ ಮೈನರ್ ಹಾಡನ್ನು ಸಿ ಮೇಜರ್ ಎಂದು ಹೇಳುವುದು ಬಹಳ ಸಾಮಾನ್ಯ, ಎರಡರಲ್ಲೂ ಇರುವ ಏಳು ಸ್ವರಗಳು ಅವೇ ಆದ್ದರಿಂದ. ಪಂಚಮಕ್ಕೆ ಜಾರುವುದು ಇನ್ನೊಂದು. ಸಿ ಮೇಜರನ್ನು ಸಿ ಮೈನರ್ ಎನ್ನುವುದು ಮೂರನೆಯದು. ಸಂಗೀತದ ಮಾಹಿತಿ ಹೊರತೆಗೆಯುವ ಕ್ರಮಗಳನ್ನು ಒರೆಗೆ ಹಚ್ಚುವ ಮೈರೆಕ್ಸ್ ಎಂಬ ವೇದಿಕೆ 2005ರಲ್ಲಿ ಆರಂಭವಾಯಿತು. ಅಲ್ಲಿ ಪಂಚಮದ ತಪ್ಪಿಗೆ ಅರ್ಧ ಅಂಕ, ಮೊದಲ ಬಗೆಯ ತಪ್ಪಿಗೆ 0.3, ಮೂರನೆಯದಕ್ಕೆ 0.2 ಕೊಡುತ್ತಾರೆ. ಸಂಶೋಧಕರಿಗೆ ಕೊನೆಯ ಎರಡು ಹೆಚ್ಚು ಕಡಿಮೆ ಒಂದೇ. ನಮಗೆ ಹಾಗಲ್ಲ. 8A ಬದಲು 8B ಅಥವಾ 9A ಬಂದರೆ ಚಕ್ರದಲ್ಲಿ ಪಕ್ಕದ ಮನೆಗೆ ಹೋದಂತೆ. ಬೆರಕೆ ಹೆಚ್ಚಾಗಿ ಉಳಿದುಕೊಳ್ಳುತ್ತದೆ. ಸಿ ಮೇಜರ್ 8B, ಸಿ ಮೈನರ್ 5A: ಮೂರು ಹೆಜ್ಜೆ ದೂರ, ಏಳರಲ್ಲಿ ನಾಲ್ಕೇ ಸ್ವರ ಸಮಾನ. ಹಾಗಾಗಿ ಎಲ್ಲ ಹಾಡುಗಳ ಕೀಯನ್ನೂ ಕಿವಿಯಿಂದ ಪರೀಕ್ಷಿಸಲು ಸಮಯವಿಲ್ಲದವರು ಮೇಜರೋ ಮೈನರೋ ಎಂಬ ಅನುಮಾನ ಬರುವ ಹಾಡುಗಳನ್ನು ಮೊದಲು ಪರೀಕ್ಷಿಸಿ. ಪಕ್ಕದ ಮನೆಯ ತಪ್ಪಿಗೂ ಒಂದು ಮಿತಿ ಇದೆ ಎನ್ನುವುದು ನೆನಪಿರಲಿ: ಎರಡು ಹಾಡುಗಳ ಅಂಕಿಯೂ ಒಂದೊಂದು ಹೆಜ್ಜೆ ವಿರುದ್ಧ ದಿಕ್ಕಿಗೆ ಜಾರಿದ್ದರೆ, ಪಟ್ಟಿಯಲ್ಲಿ ಪಕ್ಕಪಕ್ಕ ಕಾಣುವವು ನಿಜದಲ್ಲಿ ಮೂರು ಹೆಜ್ಜೆ ದೂರವಿರಬಹುದು.

ಪರೀಕ್ಷೆಗೆ ಶ್ರುತಿ ಪೆಟ್ಟಿಗೆಯ ಆ್ಯಪ್ ಒಂದು ಸಾಕು. ಹಾಡು ಓಡುತ್ತಿರುವಾಗ ತಂತ್ರಾಂಶ ಹೇಳಿದ ಆಧಾರ ಸ್ವರವನ್ನು ಹಿಡಿದಿಡಿ. ಪಲ್ಲವಿಯ ಸಾಲು ಬಂದು ನಿಲ್ಲುವ ಜಾಗದಲ್ಲಿ ಹಾಡು ಶ್ರುತಿಯ ಮೇಲೆ ಬಂದು ಕೂರಬೇಕು. ಜೊತೆಗೆ ಕೇಳಲು ಹಿತವಾಗಿದೆ, ಆದರೆ ಸಾಲು ನಿಲ್ಲುವುದು ಬೇರೆ ಕಡೆ ಎಂದಾದರೆ ನೀವು ಹಿಡಿದಿರುವುದು ಬಹುಶಃ ಪಂಚಮ.

ರಾಗದ ಛಾಯೆ ಗಾಢವಾಗಿರುವ ಹಾಡುಗಳಿಗೆ 24 ಅಚ್ಚುಗಳು ಸಾಲುವುದಿಲ್ಲ. ಆದರೆ ಅವೆಲ್ಲವೂ ಒಂದೇ ರೀತಿ ತೊಂದರೆ ಕೊಡುವುದಿಲ್ಲ. ಸಿಯನ್ನು ಷಡ್ಜವಾಗಿಟ್ಟುಕೊಂಡ ಮೋಹನದಲ್ಲಿ ಸಿ, ಡಿ, ಇ, ಜಿ, ಎ ಎಂಬ ಐದೇ ಸ್ವರಗಳಿವೆ. ಈ ಐದೂ ಸಿ ಮೇಜರ್‌ನಲ್ಲಿವೆ, ಎಫ್ ಮೇಜರ್‌ನಲ್ಲೂ ಇವೆ, ಜಿ ಮೇಜರ್‌ನಲ್ಲೂ ಇವೆ. ತಂತ್ರಾಂಶ 7B, 8B, 9B, ಅಥವಾ ಅವುಗಳ A ಜೋಡಿಗಳಲ್ಲಿ ಯಾವುದನ್ನು ಬರೆದರೂ ಅಂಥ ಕೆಡುಕಿಲ್ಲ, ಏಕೆಂದರೆ ಈ ಹಾಡು ಆ ಮೂರು ಅಂಕಿಗಳ ಹಾಡುಗಳೊಂದಿಗೂ ಹೊಂದುತ್ತದೆ. ಸೆಟ್ಟಿನಲ್ಲಿ ಎರಡು ದೂರದ ಹಾಡುಗಳ ನಡುವೆ ಸೇತುವೆ ಬೇಕಾದಾಗ ನಾನು ಮೊದಲು ಹುಡುಕುವುದು ಇಂಥ ಹಾಡನ್ನೇ. ಮಾಯಾಮಾಳವಗೌಳದ ಹಾಡಾದರೆ ಕಥೆಯೇ ಬೇರೆ. ಸಿ, ಡಿ ಫ್ಲ್ಯಾಟ್, ಇ, ಎಫ್, ಜಿ, ಎ ಫ್ಲ್ಯಾಟ್, ಬಿ: ಇದಕ್ಕೆ ಹೊಂದುವ ಮೇಜರ್ ಇಲ್ಲ, ಮೈನರ್ ಇಲ್ಲ. ಎಫ್ ಮೈನರ್, ಅಂದರೆ 4A ಎಂದು ಬಂದರೆ ಆಶ್ಚರ್ಯಪಡಬೇಡಿ. ಆ ಅಂಕಿಯನ್ನು ನಂಬಿ ಹೋಗುವುದಕ್ಕಿಂತ ಅಂಥ ಹಾಡಿನ ಆಚೀಚೆ ಬರಿಯ ತಾಳವಾದ್ಯದ ಭಾಗವನ್ನು ಇಡುವುದು ವಾಸಿ. ಬರಿಯ ಡ್ರಮ್ಮಿಗೆ ಕೀಯ ಜಗಳವಿಲ್ಲ.

ಈಗ ವೇಗವೂ ಕೀಯೂ ಸೇರುವ ಜಾಗಕ್ಕೆ ಬರೋಣ. ಒಂದು ಉದಾಹರಣೆ. ಓಡುತ್ತಿರುವ ಹಾಡು 120, 8A. ಮುಂದಿನ ಹಾಡು 127, 9A. ಪಟ್ಟಿ ನೋಡಿದರೆ ಪಕ್ಕದ ಮನೆ, ನಿಶ್ಚಿಂತೆ. ಎರಡನೆಯ ಹಾಡನ್ನು 120ಕ್ಕೆ ತರಲು ಶೇ 5.5ರಷ್ಟು ನಿಧಾನ ಮಾಡಬೇಕು. ಕೀ ಲಾಕ್ ಹಾಕಿರದಿದ್ದರೆ ಹಾಡು ನಿಧಾನವಾದಷ್ಟೂ ಶ್ರುತಿ ಇಳಿಯುತ್ತದೆ. ಎಷ್ಟು ಎಂಬುದಕ್ಕೆ ಸೂತ್ರ ಹೀಗಿದೆ:

```
12 * log2(120 / 127) = -0.98
```

ಉತ್ತರ ಅರ್ಧಸ್ವರಗಳಲ್ಲಿ ಬರುತ್ತದೆ, ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರವೇ ಒಂದು ಅರ್ಧಸ್ವರ; ಇಲ್ಲಿ ಹೆಚ್ಚು ಕಡಿಮೆ ಒಂದು ಇಡೀ ಅರ್ಧಸ್ವರ ಇಳಿದಿದೆ. ಇ ಮೈನರ್ ಇದ್ದದ್ದು ಇ ಫ್ಲ್ಯಾಟ್ ಮೈನರ್ ಆಯಿತು, ಚಕ್ರದಲ್ಲಿ 2A. ನಮ್ಮ 8Aಗೆ ಇದು ಸರಿಯಾಗಿ ಎದುರುಬದಿ. ತೆರೆ ಹೊಂದುತ್ತದೆ ಎಂದು ಹೇಳಿದ ಜೋಡಿ ಸ್ಪೀಕರಿನಲ್ಲಿ ಇರುವುದರಲ್ಲೇ ಕೆಟ್ಟ ಜೋಡಿ.

ಹಾಗಾದರೆ ನಡುವೆ ಭೇಟಿಯಾಗೋಣ, ಒಂದನ್ನು ಏರಿಸಿ ಇನ್ನೊಂದನ್ನು ಇಳಿಸಿ ಎರಡನ್ನೂ 123.5ಕ್ಕೆ ತರೋಣ ಎನ್ನುವವರಿದ್ದಾರೆ. ವೇಗದ ದೃಷ್ಟಿಯಿಂದ ಅದು ಒಳ್ಳೆಯದು. ಶ್ರುತಿಗೆ ಏನೂ ಉಪಯೋಗವಿಲ್ಲ. ಮೊದಲನೆಯದು ಅರ್ಧಸ್ವರದ ಅರ್ಧ ಏರುತ್ತದೆ, ಎರಡನೆಯದು ಅಷ್ಟೇ ಇಳಿಯುತ್ತದೆ. ಎರಡರ ನಡುವಿನ ಅಂತರ ಅದೇ 0.98. ಎಲ್ಲಿ ಭೇಟಿಯಾದರೂ ಅಂತರವನ್ನು ನಿರ್ಧರಿಸುವುದು ಮೂಲ ವೇಗಗಳ ಅನುಪಾತವೇ.

ದಾರಿಗಳು ಎರಡು. ಕೀ ಲಾಕ್ ಹಾಕುವುದು ಮೊದಲನೆಯದು. ಈಗಿನ ತಂತ್ರಾಂಶಗಳಲ್ಲಿ ಶೇ 5ರ ಸುತ್ತಮುತ್ತ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕೆಡುವುದಾದರೆ ಡ್ರಮ್ಮಿನ ಪೆಟ್ಟಿನ ಮೊನಚು ಮೊದಲು ಕೆಡುತ್ತದೆ, ಆಮೇಲೆ ಗಾಯಕರ ದನಿಯಲ್ಲಿ ಒಂದು ನಡುಕ ಸೇರುತ್ತದೆ. ಹೆಡ್‌ಫೋನಿನಲ್ಲಿ ಇದನ್ನು ಮೊದಲೇ ಕೇಳಿ ನೋಡಿ. ಎರಡನೆಯ ದಾರಿ ಇಳಿತವನ್ನೇ ಬಳಸಿಕೊಳ್ಳುವುದು. ಒಂದು ಅರ್ಧಸ್ವರ ಇಳಿದರೆ ಚಕ್ರದಲ್ಲಿ ಐದು ಅಂಕಿ ಮುಂದೆ ಹೋಗುತ್ತೇವೆ. ಹಾಗಾದರೆ 127ರಲ್ಲಿ 4A ಇರುವ ಹಾಡನ್ನು 120ಕ್ಕೆ ಇಳಿಸಿದರೆ ಅದು 9A ಆಗುತ್ತದೆ. ಪಟ್ಟಿಯಲ್ಲಿ 8Aಯ ಪಕ್ಕ ಯಾರೂ ಇಡದ ಹಾಡು ಡೆಕ್ಕಿನಲ್ಲಿ ಪಕ್ಕದ ಮನೆಯದಾಗುತ್ತದೆ. ಅತ್ಯಂತ ಕೆಟ್ಟದ್ದು ಶೇ 3ರ ಸುತ್ತಿನ ಬದಲಾವಣೆ, ಕೀ ಲಾಕ್ ಇಲ್ಲದೆ. ಅದು ಶ್ರುತಿಯನ್ನು ಪಕ್ಕಪಕ್ಕದ ಎರಡು ಸ್ವರಗಳ ನಟ್ಟನಡುವೆ ತಂದು ನಿಲ್ಲಿಸುತ್ತದೆ, ಅಲ್ಲಿಗೆ ಹೊಂದುವ ಕೀ ಚಕ್ರದಲ್ಲೇ ಇಲ್ಲ.

ಸೆಟ್ ಕಟ್ಟುವಾಗ ಇನ್ನೊಂದು ಅಭ್ಯಾಸ ಬೆಳೆಸಿಕೊಳ್ಳಿ. ಇಡೀ ಹಾಡಿಗೆ ಒಂದು ಕೀ ಎಂಬುದು ಸಿನಿಮಾ ಹಾಡುಗಳಲ್ಲಿ ಅನೇಕ ಬಾರಿ ಸುಳ್ಳು. ಕೊನೆಯ ಪಲ್ಲವಿಯನ್ನು ಒಂದು ಅರ್ಧಸ್ವರ ಏರಿಸಿ ಹಾಡಿಸುವುದು ಹಳೆಯ ರೂಢಿ. ಎರಡು ಹಾಡುಗಳು ಒಟ್ಟಿಗೆ ಕೇಳುವುದು ಹೋಗುವ ಹಾಡಿನ ಕೊನೆಯ ಅರ್ಧ ನಿಮಿಷ ಮತ್ತು ಬರುವ ಹಾಡಿನ ಮೊದಲ ಅರ್ಧ ನಿಮಿಷ ಮಾತ್ರ. ಆದ್ದರಿಂದ ಪ್ರತಿ ಹಾಡಿಗೂ ಒಳಬರುವ ಕೀ, ಹೊರಹೋಗುವ ಕೀ ಎಂದು ಎರಡನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮೇಲಿನ ಕೋಡಿನಲ್ಲಿ `offset` ಮತ್ತು `duration` ಬದಲಿಸಿದರೆ ಅಷ್ಟು ಭಾಗವನ್ನೇ ನೋಡಬಹುದು. ಒಂದು ಅರ್ಧಸ್ವರ ಏರಿದ 8A ಎಂದರೆ 3A. ಮುಂದಿನ ಹಾಡನ್ನು 3Aಗೆ ಹೊಂದಿಸಬೇಕೇ ಹೊರತು ಪಟ್ಟಿಯ 8Aಗೆ ಅಲ್ಲ.

ಸಭೆಯಿಂದ ಒಬ್ಬರು ಕೇಳಿದರು: ಒಂದೇ ಹಾಡಿನ ಎರಡು ಪ್ರತಿಗಳು ನನ್ನ ಬಳಿ ಇವೆ, ಒಂದು 120 ಎನ್ನುತ್ತದೆ, ಇನ್ನೊಂದು 125. ಕೀಯೂ ಬೇರೆ. ಯಾವುದನ್ನು ನಂಬಲಿ?

ಎರಡನ್ನೂ ನಂಬಬಹುದು, ಎರಡನೆಯ ಪ್ರತಿ ಬಹುಶಃ ಚಿತ್ರದ ವಿಡಿಯೊದಿಂದ ತೆಗೆದದ್ದು. ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಓಡುತ್ತದೆ. ಪಾಲ್ ಪದ್ಧತಿಯ ವಿಡಿಯೊ 25ರಲ್ಲಿ. ವರ್ಗಾಯಿಸುವಾಗ ಹಾಗೆಯೇ ವೇಗ ಹೆಚ್ಚಿಸಿಬಿಟ್ಟಿದ್ದರೆ 120 ಸರಿಯಾಗಿ 125 ಆಗುತ್ತದೆ, ಶ್ರುತಿ 0.71 ಅರ್ಧಸ್ವರ ಏರುತ್ತದೆ. 0.71 ಎಂಬುದು ಒಂದಕ್ಕೆ ಹತ್ತಿರವಾದ್ದರಿಂದ ತಂತ್ರಾಂಶ ಅದನ್ನು ಒಂದು ಅರ್ಧಸ್ವರ ಮೇಲಿನ ಕೀ ಎಂದು ಬರೆಯುತ್ತದೆ. ಎ ಮೈನರ್ ಇದ್ದದ್ದು ಬಿ ಫ್ಲ್ಯಾಟ್ ಮೈನರ್ ಎಂದು ಕಾಣುತ್ತದೆ. `librosa.estimate_tuning(y=y, sr=sr)` ಎಂದು ಕೇಳಿ ನೋಡಿ. ಮೂಲ ಹಾಡು ಸರಿಯಾದ ಶ್ರುತಿಯಲ್ಲಿದ್ದು ವಿಡಿಯೊದಲ್ಲಿ ಏರಿದ್ದರೆ ಉತ್ತರ ಸೊನ್ನೆಯ ಬದಲು -0.29ರ ಆಸುಪಾಸಿನಲ್ಲಿ ಬರುತ್ತದೆ. ಹಾಗೆ ಬಂದರೆ ಕೀ ಲಾಕ್ ತೆಗೆದು, ಪಿಚ್ ಕಡ್ಡಿಯನ್ನು ಶೇ 4 ಕೆಳಗೆ ತನ್ನಿ. ವೇಗ 120ಕ್ಕೂ ಶ್ರುತಿ 8Aಗೂ ಒಟ್ಟಿಗೆ ಇಳಿಯುತ್ತವೆ. ಹಾಗೆಯೇ ಹೊಸ ಕಡತವಾಗಿ ಉಳಿಸಿಕೊಂಡು ಆ ಹಳೆಯದನ್ನು ಪಟ್ಟಿಯಿಂದ ತೆಗೆದುಬಿಡಿ.